‘ಇಲ್ಲಿ ಕ್ಲಿಕ್ ಮಾಡಿ’ ಇಲ್ಲದ ಇಮೇಲ್: ಸಣ್ಣ ಫೋನಿಗೂ ಸ್ಕ್ರೀನ್ ರೀಡರ್‌ಗೂ ಒಗ್ಗುವಂತೆ ಬರೆಯುವುದು ಹೇಗೆ?

ನಮ್ಮ ಓದುಗರ ಬಳಗದ ತಿಂಗಳ ಸಭೆಗೆ ಎಲ್ಲರನ್ನೂ ಕರೆಯುವ ಇಮೇಲ್ ಬರೆಯುವುದು ಕೆಲವು ವರ್ಷಗಳಿಂದ ನನ್ನ ಕೆಲಸ. ಬಳಗದಲ್ಲಿ ಒಬ್ಬರು ನಿವೃತ್ತ ಮೇಷ್ಟರಿದ್ದಾರೆ. ಅವರಿಗೆ ಈಗ ಕಣ್ಣು ಕಾಣಿಸುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿರುವ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಅವರಿಗೆ ಪತ್ರಗಳನ್ನು ಓದಿ ಹೇಳುತ್ತದೆ. ಒಂದು ಸಂಜೆ ಅವರ ಮನೆಗೆ ಹೋಗಿದ್ದಾಗ ನಾನು ಹಿಂದಿನ ದಿನ ಕಳಿಸಿದ್ದ ಪತ್ರವನ್ನೇ ಅವರು ತೆರೆದರು. ಫೋನು ಮೊದಲು ‘ಸ್ಟಾರ್ ಸ್ಟಾರ್ ಸ್ಟಾರ್’ ಎಂದಿತು. ನಾನು ಚೆಂದಕ್ಕೆಂದು ಹಾಕಿದ್ದ ಚುಕ್ಕಿಸಾಲು ಅದು. ಮೇಷ್ಟರಿಗೆ ಬೇಕಾಗಿದ್ದದ್ದು ಓದಬೇಕಾದ ಅಧ್ಯಾಯ ಮಾತ್ರ. ಅವರು ಬೆರಳನ್ನು ಸರಿಸಿ ಲಿಂಕ್‌ಗಳನ್ನಷ್ಟೇ ಒಂದೊಂದಾಗಿ ಕೇಳತೊಡಗಿದರು. ‘ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್.’

“ನಾಲ್ಕು ಬಾಗಿಲಿಗೂ ಒಂದೇ ಫಲಕ ತೂಗುಹಾಕಿದ್ದೀಯಲ್ಲಮ್ಮ, ಯಾವುದನ್ನು ತಟ್ಟಲಿ?” ಎಂದರು.

ಅಂದು ನಾನು ಕಳಿಸಿದ್ದ ಪತ್ರದ ಮುಖ್ಯ ಭಾಗ ಹೀಗಿತ್ತು:

> ವಿಷಯ: ಪ್ರಕಟಣೆ!!
>
> \*\*\*\*\*\*\*\*\*\*\*\*\*\*\*\*
> ದಿ. 09/08 ಶನಿ. ಸಂ. 5.30ಕ್ಕೆ ಬಳಗದ ಸಭೆ. ಸ್ಥಳಕ್ಕಾಗಿ ಇಲ್ಲಿ ಕ್ಲಿಕ್ ಮಾಡಿ. ಓದಬೇಕಾದ ಭಾಗಕ್ಕೆ ಇಲ್ಲಿ ಕ್ಲಿಕ್ ಮಾಡಿ. ಬರುವವರು ತಿಳಿಸಲು ಇಲ್ಲಿ ಕ್ಲಿಕ್ ಮಾಡಿ. ಬರಲಾಗದವರು ಆನ್‌ಲೈನ್‌ನಲ್ಲಿ ಸೇರಲು ಇಲ್ಲಿ ಕ್ಲಿಕ್ ಮಾಡಿ.

ಕಣ್ಣಿಂದ ಓದುವವರಿಗೂ ಇದು ಸುಲಭವಾಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಸಣ್ಣ ಫೋನಿನಲ್ಲಿ ನಾಲ್ಕೂ ನೀಲಿ ತುಣುಕುಗಳು ಒಂದರ ಕೆಳಗೊಂದು ಅಂಟಿಕೊಂಡಂತೆ ಬರುತ್ತಿದ್ದವು. ನಕ್ಷೆಗೆಂದು ಒತ್ತಿದವರಿಗೆ ಅಧ್ಯಾಯ ತೆರೆದುಕೊಳ್ಳುತ್ತಿತ್ತು. ಆ ಪತ್ರವನ್ನು ತಿದ್ದುತ್ತ ಕಲಿತದ್ದನ್ನು ಇಲ್ಲಿ ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಸಂಘ, ಶಾಲೆ, ಕಚೇರಿ, ಅಪಾರ್ಟ್‌ಮೆಂಟ್ ಎಂದು ಹತ್ತು ಜನರಿಗೆ ಒಟ್ಟಿಗೆ ಪತ್ರ ಕಳಿಸುವ ಯಾರಿಗಾದರೂ ಇದು ಹೊಂದುತ್ತದೆ.

ಮೊದಲು ಪತ್ರವನ್ನು ತೊಳೆಯಿರಿ

ಹೆಚ್ಚಿನವರು ಪತ್ರವನ್ನು ವರ್ಡ್‌ನಲ್ಲೋ ಹಳೆಯ ಇಮೇಲ್‌ನಲ್ಲೋ ಬರೆದು, ನಕಲು ಮಾಡಿ ತಂದು ಅಂಟಿಸುತ್ತಾರೆ. ಹಾಗೆ ಅಂಟಿಸುವಾಗ ಅಕ್ಷರದ ಜೊತೆಗೆ ಅದರ ಗಾತ್ರ, ಬಣ್ಣ, ಹಿನ್ನೆಲೆ, ಕೆಲವೊಮ್ಮೆ ಕಣ್ಣಿಗೆ ಕಾಣದ ಕೋಷ್ಟಕವೂ ಬರುತ್ತದೆ. ಕಂಪ್ಯೂಟರಿನ ಅಗಲ ಪರದೆಯಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಫೋನಿನಲ್ಲಿ ಮಾತ್ರ ಸಾಲುಗಳು ಪರದೆಯ ಆಚೆಗೆ ಹೋಗುತ್ತವೆ, ಅಥವಾ ಇಡೀ ಪತ್ರ ಕುಗ್ಗಿ ಇರುವೆ ಸಾಲಿನಂತಾಗುತ್ತದೆ. ಡಾರ್ಕ್ ಮೋಡ್ ಹಾಕಿಕೊಂಡವರಿಗೆ ಕಪ್ಪು ಹಿನ್ನೆಲೆಯ ಮೇಲೆ ಕಡು ಬೂದು ಅಕ್ಷರ ಕಾಣಿಸುವುದೂ ಉಂಟು. ಆ ಬಣ್ಣವನ್ನು ಕಳಿಸಿದವರು ಆರಿಸಿರುವುದಿಲ್ಲ. ಅಂಟಿಸುವಾಗ ಅದು ತಾನಾಗಿ ಬಂದಿರುತ್ತದೆ.

ಆದ್ದರಿಂದ ಅಂಟಿಸುವಾಗ Ctrl+V ಬದಲು Ctrl+Shift+V ಒತ್ತಿ. ಜಿಮೇಲ್‌ನಲ್ಲಿ ಆಗ ಬರಿಯ ಅಕ್ಷರಗಳು ಮಾತ್ರ ಬರುತ್ತವೆ. ಈಗಾಗಲೇ ಅಂಟಿಸಿಬಿಟ್ಟಿದ್ದರೆ ಎಲ್ಲವನ್ನೂ ಆಯ್ದುಕೊಂಡು Ctrl+\ ಒತ್ತಿದರೆ ಬಣ್ಣ, ಗಾತ್ರ, ಫಾಂಟ್‌ಗಳು ಹೋಗುತ್ತವೆ. ಆದರೆ ಕೋಷ್ಟಕದ ಚೌಕಟ್ಟು ಇದಕ್ಕೆ ಜಗ್ಗುವುದಿಲ್ಲ. ಕೋಷ್ಟಕ ಇದ್ದ ಪಠ್ಯವಾದರೆ ನೋಟ್‌ಪ್ಯಾಡ್‌ಗೆ ಹಾಕಿ, ಅಲ್ಲಿಂದ ಮತ್ತೆ ತೆಗೆದುಕೊಳ್ಳುವುದೇ ಖಚಿತ ದಾರಿ. ಈ ತೊಳೆಯುವ ಕೆಲಸವನ್ನು ಲಿಂಕ್ ಹಾಕುವುದಕ್ಕೆ ಮೊದಲೇ ಮುಗಿಸಿ. ನೋಟ್‌ಪ್ಯಾಡ್‌ಗೆ ಹೋಗಿಬಂದ ಪತ್ರದಲ್ಲಿ ಹಳೆಯ ಲಿಂಕ್‌ಗಳು ಉಳಿದಿರುವುದಿಲ್ಲ, ಬರಿಯ ಪದಗಳಷ್ಟೇ ಉಳಿದಿರುತ್ತವೆ.

ತೊಳೆದ ಮೇಲೆ ಏನನ್ನು ಮರಳಿ ಹಾಕಬಹುದು? ನಾನು ಹಾಕುವುದು ಮೂರನ್ನೇ. ವಿಷಯ ಬದಲಾದಲ್ಲಿ ಒಂದು ಖಾಲಿ ಸಾಲು. ತೀರ ಅಗತ್ಯವಿದ್ದ ಒಂದೆರಡು ಪದಗಳಿಗೆ ದಪ್ಪ ಅಕ್ಷರ. ನಾಲ್ಕೈದು ಅಂಶಗಳಿದ್ದರೆ ಜಿಮೇಲ್‌ನ ಪಟ್ಟಿ ಗುಂಡಿಯಿಂದ ಮಾಡಿದ ನಿಜವಾದ ಪಟ್ಟಿ. ‘ನಿಜವಾದ’ ಎನ್ನುವುದಕ್ಕೆ ಕಾರಣವಿದೆ. ಸಾಲಿನ ಆರಂಭದಲ್ಲಿ ನೀವೇ ಅಡ್ಡಗೆರೆ ಹಾಕಿದರೆ ಸ್ಕ್ರೀನ್ ರೀಡರ್ ಅದನ್ನು ‘ಡ್ಯಾಶ್’ ಎಂದು ಓದಬಹುದು ಅಥವಾ ಓದದೆಯೇ ಹೋಗಬಹುದು. ಗುಂಡಿಯಿಂದ ಮಾಡಿದ ಪಟ್ಟಿಯಾದರೆ ‘ನಾಲ್ಕು ಅಂಶಗಳ ಪಟ್ಟಿ’ ಎಂದು ಹಲವು ಸ್ಕ್ರೀನ್ ರೀಡರ್‌ಗಳು ಮೊದಲೇ ಹೇಳುತ್ತವೆ; ಕೇಳುವವರಿಗೆ ಇನ್ನೆಷ್ಟು ಬಾಕಿ ಇದೆ ಎಂಬ ಅಂದಾಜು ಸಿಗುತ್ತದೆ.

ಬಣ್ಣದಿಂದಷ್ಟೇ ಅರ್ಥ ಹೇಳಬೇಡಿ. ‘ಕೆಂಪು ಬಣ್ಣದಲ್ಲಿರುವವರು ಶುಲ್ಕ ಕಟ್ಟಿಲ್ಲ’ ಎಂದರೆ ಕೇಳುವವರಿಗೆ ಎಲ್ಲ ಹೆಸರೂ ಒಂದೇ. ‘ಶುಲ್ಕ ಬಾಕಿ’ ಎಂದು ಹೆಸರಿನ ಪಕ್ಕದಲ್ಲಿ ಬರೆಯಿರಿ.

ಇನ್ನೊಂದು ಅಭ್ಯಾಸವನ್ನು ಹಿರಿಯರಲ್ಲಿ ಹೆಚ್ಚಾಗಿ ಕಂಡಿದ್ದೇನೆ: ಟೈಪ್‌ರೈಟರಿನಲ್ಲಿ ಕಲಿತವರು ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುತ್ತಾರೆ. ಅಗಲ ಪರದೆಯಲ್ಲಿ ಒಪ್ಪವಾಗಿ ಕಾಣುವ ಆ ಸಾಲು ಫೋನಿನಲ್ಲಿ ಒಂದೂವರೆ ಸಾಲಾಗಿ ಒಡೆಯುತ್ತದೆ: ಒಂದು ಉದ್ದ, ಒಂದು ತುಂಡು, ಮತ್ತೆ ಒಂದು ಉದ್ದ, ಒಂದು ತುಂಡು. ಟಾಕ್‌ಬ್ಯಾಕ್ ಕೂಡ ಕೆಲವೆಡೆ ಪ್ರತಿ ತುಂಡಿಗೂ ನಿಂತು ನಿಂತು ಓದುತ್ತದೆ. ವಾಕ್ಯವನ್ನು ಹರಿಯಲು ಬಿಡಿ. ಎಲ್ಲಿ ಮುರಿಯಬೇಕೆಂಬುದನ್ನು ಓದುವವರ ಪರದೆ ನಿರ್ಧರಿಸಲಿ.

ಅಕ್ಷರ ಯೂನಿಕೋಡ್ ಆಗಿದೆಯೇ?

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಹೆಜ್ಜೆ ಬೇಕಾಗುವುದಿಲ್ಲ, ನಮಗೆ ಬೇಕು. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಟ್ಟಿರುವ ವ್ಯವಸ್ಥೆ. ಸರ್ಕಾರಿ ಕಚೇರಿ, ಶಾಲೆ, ಡಿಟಿಪಿ ಅಂಗಡಿಗಳಲ್ಲಿ ಈಗಲೂ ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಓಡಾಡುತ್ತಿವೆ. ಆ ಹಳೆಯ ವಿಧಾನದಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಲಿಪಿಗಳ ಅಕ್ಷರ. ಅದರ ಮೇಲೆ ಕನ್ನಡದ ಆಕಾರವನ್ನು ಫಾಂಟ್ ತೊಡಿಸಿರುತ್ತದೆ. ಅದನ್ನು ಇಮೇಲ್‌ಗೆ ಅಂಟಿಸಿ ಕಳಿಸಿದಾಗ, ಆ ಫಾಂಟ್ ಇಲ್ಲದ ಫೋನಿನಲ್ಲಿ ‘ಕನ್ನಡ’ ಎಂಬ ಪದ ಹೀಗೆ ಕಾಣುತ್ತದೆ:

```
PÀ£ÀßqÀ
```

ಇದನ್ನು ಸ್ಕ್ರೀನ್ ರೀಡರ್ ಇದ್ದಂತೆಯೇ ಓದುತ್ತದೆ. ಮೇಷ್ಟರ ಕಿವಿಗೆ ಬೀಳುವುದು ಯಾವ ಭಾಷೆಯೂ ಅಲ್ಲದ ಸದ್ದು. ಇದನ್ನು ಪತ್ತೆಹಚ್ಚುವುದು ಸುಲಭ: ಕಳಿಸುವ ಮೊದಲು ಪತ್ರವನ್ನು ಫೋನಿನಲ್ಲಿ ಒಮ್ಮೆ ತೆರೆಯಿರಿ. ಕನ್ನಡ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್. ಮೇಲಿನಂತೆ ಕಂಡರೆ ನುಡಿ ಜೊತೆಗೇ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ ಮತ್ತೆ ಅಂಟಿಸಿ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ತಪ್ಪು ಉಳಿಯುವುದು ಅಲ್ಲೇ ಹೆಚ್ಚು.

ಯೂನಿಕೋಡ್ ಆಗಿದ್ದರೂ ಕೇಳುವವರ ಫೋನಿನಲ್ಲಿ ಕನ್ನಡದ ಧ್ವನಿ ಇರಬೇಕು. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಪಠ್ಯ ಓದುವ ಸೇವೆಗೆ ಕನ್ನಡ ಧ್ವನಿ ಇದೆ, ಇಸ್ಪೀಕ್ ಎಂಬ ಉಚಿತ ಆ್ಯಪ್‌ಗೂ ಇದೆ. ಅದನ್ನು ಹಾಕಿಕೊಳ್ಳುವುದು ಕೇಳುವವರ ಕೈಯಲ್ಲಿದೆ. ಕಳಿಸುವವರಾದ ನಾವು ಮಾಡಬಹುದಾದದ್ದು, ಒಂದೇ ವಾಕ್ಯದಲ್ಲಿ ಎರಡು ಲಿಪಿಗಳನ್ನು ಪದೇ ಪದೇ ಬೆರೆಸದಿರುವುದು. ಪ್ರತಿ ಬಾರಿ ಲಿಪಿ ಬದಲಾದಾಗ ಕೆಲವು ಫೋನುಗಳಲ್ಲಿ ಧ್ವನಿಯೂ ಬದಲಾಗುತ್ತದೆ, ಮಧ್ಯೆ ಒಂದು ತಡೆ ಬೀಳುತ್ತದೆ. ‘meeting’ ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ಬದಲು ‘ಮೀಟಿಂಗ್’ ಎಂದೋ ‘ಸಭೆ’ ಎಂದೋ ಬರೆದರೆ ಓದು ಒಂದೇ ಹದದಲ್ಲಿ ಸಾಗುತ್ತದೆ.

ಲಿಂಕ್‌ನ ಪದಗಳು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಸ್ಕ್ರೀನ್ ರೀಡರ್ ಬಳಸುವವರು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತ ಕೂರುವುದು ಕಡಿಮೆ. ಕಣ್ಣಿರುವವರು ಹೇಗೆ ಪುಟದ ಮೇಲೆ ಕಣ್ಣು ಹಾಯಿಸುತ್ತಾರೋ ಹಾಗೆ ಅವರು ಲಿಂಕ್‌ನಿಂದ ಲಿಂಕ್‌ಗೆ ಹಾರುತ್ತಾರೆ. ಟಾಕ್‌ಬ್ಯಾಕ್‌ನಲ್ಲಿ ಓದುವ ವಿಧವನ್ನು ‘Links’ ಎಂದು ಬದಲಿಸಿಕೊಂಡು ಬೆರಳನ್ನು ಕೆಳಕ್ಕೆ ಎಳೆದರೆ ಸಾಕು. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರು Insert+F7 ಒತ್ತಿದರೆ ಪತ್ರದ ಎಲ್ಲ ಲಿಂಕ್‌ಗಳೂ ಒಂದು ಪಟ್ಟಿಯಾಗಿ ಬರುತ್ತವೆ. ಆ ಪಟ್ಟಿಯಲ್ಲಿ ಹಿಂದಿನ ವಾಕ್ಯವೂ ಇಲ್ಲ, ಮುಂದಿನ ವಾಕ್ಯವೂ ಇಲ್ಲ. ನೀವು ನೀಲಿ ಮಾಡಿದ ಪದಗಳು ಮಾತ್ರ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪದಗಳನ್ನು ವಾಕ್ಯದಿಂದ ಕಿತ್ತು ಬೇರೆ ಚೀಟಿಯಲ್ಲಿ ಬರೆದಿಟ್ಟರೆ, ಒತ್ತಿದಾಗ ಏನು ತೆರೆಯುತ್ತದೆ ಎಂದು ತಿಳಿಯುತ್ತದೆಯೇ?

ವೆಬ್ ಸುಗಮತೆಗೆಂದು ಇರುವ ಡಬ್ಲ್ಯುಸಿಎಜಿ ಮಾನದಂಡ ಇದನ್ನು ಎರಡು ಹಂತದಲ್ಲಿ ಹೇಳುತ್ತದೆ. ಲಿಂಕ್‌ನ ಉದ್ದೇಶ ಸುತ್ತಲಿನ ವಾಕ್ಯದಿಂದಲಾದರೂ ತಿಳಿಯಬೇಕು ಎನ್ನುವುದು ಕನಿಷ್ಠ ಹಂತ. ಲಿಂಕ್‌ನ ಪದಗಳಿಂದಲೇ ತಿಳಿಯಬೇಕು ಎನ್ನುವುದು ಮೇಲಿನ ಹಂತ. ದೊಡ್ಡ ಜಾಲತಾಣಗಳಿಗೆ ಮೇಲಿನ ಹಂತ ಕಷ್ಟವಾಗಬಹುದು. ನಾಲ್ಕೇ ಲಿಂಕ್‌ಗಳಿರುವ ಪತ್ರಕ್ಕೆ ಏನೂ ಕಷ್ಟವಿಲ್ಲ, ಹಾಗಾಗಿ ಅದನ್ನೇ ಹಿಡಿಯಿರಿ ಎಂಬುದು ನನ್ನ ಅಭಿಪ್ರಾಯ.

ಕಂಪ್ಯೂಟರಿನಲ್ಲಿ ಹಾಕುವ ವಿಧಾನ ಸರಳ. ಮೊದಲು ವಾಕ್ಯವನ್ನು ಲಿಂಕ್ ಇಲ್ಲದೆಯೇ ಬರೆಯಿರಿ. ನಂತರ ಲಿಂಕ್ ಆಗಬೇಕಾದ ಪದಗಳನ್ನು ಆಯ್ದುಕೊಂಡು Ctrl+K ಒತ್ತಿ, ವಿಳಾಸವನ್ನು ಅಂಟಿಸಿ, ಒಪ್ಪಿಗೆ ಕೊಡಿ. ಜಿಮೇಲ್‌ನಲ್ಲೂ ಔಟ್‌ಲುಕ್‌ನಲ್ಲೂ ಇದೇ ಕೀಲಿ.

ಯಾವ ಪದಗಳನ್ನು ಆಯ್ದುಕೊಳ್ಳಬೇಕು ಎಂಬಲ್ಲಿ ಕನ್ನಡದ್ದೇ ಆದ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ‘ನೋಂದಣಿ ಅರ್ಜಿಯನ್ನು ತುಂಬಿ’ ಎಂದು ಬರೆದು ‘ನೋಂದಣಿ ಅರ್ಜಿ’ ಎಂಬಷ್ಟಕ್ಕೇ ಲಿಂಕ್ ಹಾಕಿದರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಸ್ಕ್ರೀನ್ ರೀಡರ್ ಮಾತ್ರ ಲಿಂಕ್ ಮುಗಿದಲ್ಲಿ ಪದವನ್ನೂ ಮುಗಿಸುತ್ತದೆ. ನಾನು ಕೇಳಿದ್ದು ಹೀಗಿತ್ತು: ‘ನೋಂದಣಿ ಅರ್ಜಿ, ಲಿಂಕ್’. ಬೆರಳು ಸರಿಸಿದ ಮೇಲೆ, ‘ಯನ್ನು ತುಂಬಿ’. ತಲೆಯಿಲ್ಲದ ಆ ‘ಯನ್ನು’ ಯಾವುದಕ್ಕೆ ಸೇರಿದ್ದು ಎಂದು ಕೇಳುವವರು ನೆನಪಿನಿಂದ ಹೊಲಿದುಕೊಳ್ಳಬೇಕು. ಆದ್ದರಿಂದ ಪ್ರತ್ಯಯವನ್ನೂ ಲಿಂಕ್‌ನ ಒಳಗೇ ಸೇರಿಸಿ: ‘ನೋಂದಣಿ ಅರ್ಜಿಯನ್ನು ತುಂಬಿ’ ಎಂಬ ಇಡೀ ತುಣುಕೇ ಲಿಂಕ್ ಆಗಲಿ. ಅಥವಾ ಪ್ರತ್ಯಯವೇ ಬೇಡದಂತೆ ‘ನೋಂದಣಿ ಅರ್ಜಿ’ ಎಂದು ಬೇರೆಯೇ ಸಾಲಿನಲ್ಲಿ ಬರೆಯಿರಿ. ಪದದ ಅರ್ಧಕ್ಕೆ ಮಾತ್ರ ದಪ್ಪ ಅಕ್ಷರ ಮಾಡುವುದೂ ಒಳ್ಳೆಯದಲ್ಲ. ಕೆಲವು ಸ್ಕ್ರೀನ್ ರೀಡರ್‌ಗಳು ಅಲ್ಲೂ ಪದವನ್ನು ಸೀಳುತ್ತವೆ.

ಇದೇ ಪ್ರತ್ಯಯ ಇನ್ನೊಂದು ಕಡೆ ಲಿಂಕ್ ಅನ್ನೇ ಕೆಡಿಸುತ್ತದೆ. ವಿಳಾಸವನ್ನು ಹಾಗೆಯೇ ಟೈಪ್ ಮಾಡಿ ಅದಕ್ಕೆ ‘ನಲ್ಲಿ’, ‘ಗೆ’ ಎಂದು ಅಂಟಿಸಿದರೆ ಇಮೇಲ್ ಪ್ರೋಗ್ರಾಂ ಅದನ್ನೂ ವಿಳಾಸದ ಭಾಗವೆಂದು ಎಣಿಸಬಹುದು:

```
https://example.org/sabheಗೆ ಹೋಗಿ
```

ಒತ್ತಿದರೆ ‘ಪುಟ ಸಿಗಲಿಲ್ಲ’ ಎಂದು ಬರುತ್ತದೆ, ದೂರು ಮಾತ್ರ ಜಾಲತಾಣದ ಮೇಲೆ ಹೋಗುತ್ತದೆ. ವಿಳಾಸದ ಹಿಂದೆ ಮುಂದೆ ಖಾಲಿ ಜಾಗ ಇರಲೇಬೇಕು. ಕೊನೆಗೆ ಪೂರ್ಣವಿರಾಮವೂ ಬೇಡ.

ಪದಗಳ ಉದ್ದ ಎಷ್ಟಿರಬೇಕು? ಮೂರರಿಂದ ಏಳೆಂಟು ಪದ ಸಾಕು ಎಂಬುದು ನನ್ನ ಅನುಭವ. ಒಂದೇ ಪದವಾದರೆ ಸಣ್ಣ ಪರದೆಯಲ್ಲಿ ಬೆರಳಿಗೆ ಸಿಗುವುದಿಲ್ಲ. ಇಡೀ ವಾಕ್ಯವಾದರೆ ಕೇಳುವವರು ಪ್ರತಿ ಲಿಂಕ್‌ಗೂ ಕಾಯಬೇಕು. ಮುಖ್ಯ ಪದ ಮೊದಲು ಬರಲಿ. ‘ಈ ಕೆಳಗೆ ನೀಡಲಾಗಿರುವ ಎರಡನೆಯ ಅಧ್ಯಾಯ’ ಎಂದರೆ ಐದನೆಯ ಪದದವರೆಗೂ ವಿಷಯವೇ ಗೊತ್ತಾಗುವುದಿಲ್ಲ. ‘ಎರಡನೆಯ ಅಧ್ಯಾಯ, ಪಿಡಿಎಫ್, 2 ಎಂಬಿ’ ಎಂದರೆ ಮೊದಲೆರಡು ಪದಕ್ಕೇ ತಿಳಿಯುತ್ತದೆ, ಬೇಡವೆನಿಸಿದರೆ ಅಲ್ಲಿಗೇ ಬಿಟ್ಟು ಮುಂದೆ ಹಾರಬಹುದು. ಲಿಂಕ್ ಒತ್ತಿದಾಗ ಪುಟದ ಬದಲು ಕಡತ ಇಳಿಯುವುದಾದರೆ ಅದರ ಬಗೆ ಮತ್ತು ಗಾತ್ರವನ್ನು ಹೀಗೆ ಲಿಂಕ್‌ನ ಒಳಗೇ ಹೇಳಿ. ಊರ ಹೊರಗೆ ಸಿಗ್ನಲ್ ಸಣ್ಣಗಿರುವಲ್ಲಿ ಓದುವವರಿಗೆ 2 ಎಂಬಿಗೂ 40 ಎಂಬಿಗೂ ಇರುವ ಅಂತರ ದೊಡ್ಡದು.

‘ಲಿಂಕ್’ ಎಂಬ ಪದವನ್ನು ಲಿಂಕ್‌ನೊಳಗೆ ಬರೆಯಬೇಡಿ. ಅದನ್ನು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ಬರೆದರೆ ‘ಸಭೆಯ ಲಿಂಕ್, ಲಿಂಕ್’ ಎಂದು ಎರಡು ಬಾರಿ ಕೇಳಿಸುತ್ತದೆ. ಬೇರೆ ಬೇರೆ ಕಡೆಗೆ ಹೋಗುವ ಎರಡು ಲಿಂಕ್‌ಗಳಿಗೆ ಒಂದೇ ಹೆಸರೂ ಬೇಡ. ‘ವಿವರಗಳು’, ‘ವಿವರಗಳು’ ಎಂದು ಎರಡಿದ್ದರೆ ಅದು ‘ಇಲ್ಲಿ ಕ್ಲಿಕ್ ಮಾಡಿ’ಯ ಇನ್ನೊಂದು ವೇಷವಷ್ಟೇ.

ಲಿಂಕ್‌ಗಳನ್ನು ವಾಕ್ಯದ ನಡುವೆ ಚೆಲ್ಲುವ ಬದಲು ಒಂದು ಸಾಲಿಗೆ ಒಂದರಂತೆ, ನಡುವೆ ಒಂದು ಖಾಲಿ ಸಾಲು ಬಿಟ್ಟು ಇಡುವುದು ನನಗೆ ಅತ್ಯಂತ ಉಪಯೋಗಕ್ಕೆ ಬಂದ ಬದಲಾವಣೆ. ಕೈ ನಡುಗುವ ಹಿರಿಯರೂ, ಬಸ್ಸಿನಲ್ಲಿ ನಿಂತು ಒಂದೇ ಕೈಯಲ್ಲಿ ಫೋನು ಹಿಡಿದವರೂ ಪಕ್ಕದ ಲಿಂಕ್ ಮುಟ್ಟದೆ ಬೇಕಾದದ್ದನ್ನು ಒತ್ತಬಹುದು.

ಬರಿ ಪಠ್ಯವಾಗಿ ಕಳಿಸುವುದಾದರೆ

ಜಿಮೇಲ್‌ನಲ್ಲಿ ಪತ್ರ ಬರೆಯುವ ಕಿಟಕಿಯ ಕೆಳಗಿನ ಮೂರು ಚುಕ್ಕಿಗಳಲ್ಲಿ ‘Plain text mode’ ಎಂಬ ಆಯ್ಕೆ ಇದೆ. ಅದನ್ನು ಆರಿಸಿದರೆ ಯಾವ ಅಲಂಕಾರವೂ ಉಳಿಯುವುದಿಲ್ಲ, ಆದರೆ ಪದಗಳ ಹಿಂದೆ ಲಿಂಕ್ ಇಡುವುದೂ ಸಾಧ್ಯವಿಲ್ಲ. ವಿಳಾಸ ಬೆತ್ತಲಾಗಿಯೇ ಕಾಣುತ್ತದೆ. ಫೋನಿನಿಂದ ಬರೆಯುವವರು ಎದುರಿಸುವ ಪರಿಸ್ಥಿತಿಯೂ ಬಹುಮಟ್ಟಿಗೆ ಇದೇ. ಆಗ ಹೀಗೆ ಮಾಡಿ: ಏನು ತೆರೆಯುತ್ತದೆ ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ, ವಿಳಾಸವನ್ನು ಅದರ ಕೆಳಗೆ ಒಂಟಿಯಾಗಿ ಇಡಿ.

```
ಎರಡನೆಯ ಅಧ್ಯಾಯ, ಪಿಡಿಎಫ್, 2 ಎಂಬಿ:
https://example.org/adhyaya-2
```

ವಿಳಾಸ ಓದಬಲ್ಲಂತಿರಲಿ. ಚಿಕ್ಕದಾಗಿಸುವ ಸೇವೆಗಳು ಕೊಡುವ ಅರ್ಥವಿಲ್ಲದ ಅಕ್ಷರಗುಚ್ಛವನ್ನು ಸ್ಕ್ರೀನ್ ರೀಡರ್ ಅಕ್ಷರ ಅಕ್ಷರವಾಗಿ ಒದರುತ್ತದೆ, ಮೇಲಾಗಿ ಅದು ಎಲ್ಲಿಗೆ ಒಯ್ಯುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೋಸದ ಪತ್ರಗಳು ಹೆಚ್ಚಿರುವಾಗ ಅಂಥ ವಿಳಾಸವನ್ನು ಒತ್ತಲು ಹಿಂಜರಿಯುವವರದ್ದೇ ಸರಿ. ಬರಿ ಪಠ್ಯದ ಇನ್ನೊಂದು ಕೊರತೆ, ಕೆಲವು ಪ್ರೋಗ್ರಾಂಗಳು ಹೆಚ್ಚೂಕಡಿಮೆ 78 ಅಕ್ಷರಕ್ಕೊಮ್ಮೆ ಸಾಲನ್ನು ತಾವೇ ಮುರಿದು ಕಳಿಸುತ್ತವೆ. ಟೈಪ್‌ರೈಟರ್ ಅಭ್ಯಾಸದವರ ಪತ್ರದಂತೆಯೇ ಫೋನಿನಲ್ಲಿ ಅದು ತುಂಡುತುಂಡಾಗುತ್ತದೆ. ಈ ಕಾರಣಕ್ಕೇ ನಾನು ಬರಿ ಪಠ್ಯವನ್ನು ಬಿಟ್ಟು, ಅಲಂಕಾರ ತೆಗೆದ ಸಾಮಾನ್ಯ ಪತ್ರವನ್ನೇ ಕಳಿಸುತ್ತೇನೆ.

ಸುದ್ದಿಪತ್ರಕ್ಕೆಂದು ಎಚ್‌ಟಿಎಮ್‌ಎಲ್ ಬರೆಯುವವರಿಗೆ ಎರಡೇ ಮಾತು. ಅಗಲವನ್ನು ಪಿಕ್ಸೆಲ್‌ನಲ್ಲಿ ಬಿಗಿಯಬೇಡಿ. 320 ಪಿಕ್ಸೆಲ್ ಅಗಲದಲ್ಲೂ ಪಕ್ಕಕ್ಕೆ ಎಳೆಯದೆ ಓದಲು ಬರಬೇಕು. ಭಾಷೆಯ ಗುರುತನ್ನು ಪತ್ರವನ್ನು ಸುತ್ತಿರುವ ಒಳಗಿನ ಪೆಟ್ಟಿಗೆಗೇ ಹಾಕಿ, ಏಕೆಂದರೆ ಹೊರಗಿನ html ಗುರುತನ್ನು ಕೆಲವು ಮೇಲ್ ಪ್ರೋಗ್ರಾಂಗಳು ತೆಗೆದುಹಾಕುತ್ತವೆ.

```html
<div lang="kn" style="font-size:16px; line-height:1.6">
  <p><a href="https://example.org/arji">ಸಭೆಗೆ ಬರುವುದನ್ನು ತಿಳಿಸಿ</a></p>
</div>
```

ಸಾಲಿನ ಅಂತರವನ್ನು 1.6 ಎಂದು ಇಟ್ಟಿರುವುದು ಕನ್ನಡಕ್ಕಾಗಿ. ಇಂಗ್ಲಿಷಿಗೆ ಸಾಕಾಗುವ ಇಕ್ಕಟ್ಟಾದ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ.

ಚಿತ್ರ ಮತ್ತು ಲಗತ್ತು

ಇಡೀ ಆಹ್ವಾನವನ್ನೇ ಒಂದು ಚಿತ್ರವಾಗಿ ಮಾಡಿಸಿ ಕಳಿಸುವ ರೂಢಿ ನಮ್ಮಲ್ಲಿ ಬಹಳ. ಸ್ಕ್ರೀನ್ ರೀಡರ್‌ಗೆ ಅದು ಅನೇಕ ವೇಳೆ ‘ಚಿತ್ರ’ ಎಂಬ ಒಂದೇ ಪದ. ಸಣ್ಣ ಫೋನಿನಲ್ಲಿ ಅದನ್ನು ಬೆರಳುಗಳಿಂದ ಹಿಗ್ಗಿಸಿ ಅತ್ತಿತ್ತ ಎಳೆದಾಡಬೇಕು. ಚಿತ್ರ ಬೇಕೇ ಬೇಕೆಂದಾದರೆ ಇರಲಿ, ಆದರೆ ಅದರಲ್ಲಿರುವ ದಿನ, ಸಮಯ, ಸ್ಥಳ, ಅತಿಥಿಗಳ ಹೆಸರು ಎಲ್ಲವನ್ನೂ ಪತ್ರದಲ್ಲಿ ಅಕ್ಷರವಾಗಿಯೂ ಬರೆಯಿರಿ. ಮುದ್ರೆ, ಸಹಿ ಹಾಕಿ ಸ್ಕ್ಯಾನ್ ಮಾಡಿದ ಸುತ್ತೋಲೆಯೂ ಚಿತ್ರವೇ, ಅದು ಪಿಡಿಎಫ್ ಆಗಿದ್ದರೂ. ಅದನ್ನು ಗುರುತಿಸಲು ಪಿಡಿಎಫ್ ತೆರೆದು ಒಂದು ಪದವನ್ನು ಆಯ್ದುಕೊಳ್ಳಲು ನೋಡಿ. ಪದದ ಬದಲು ಇಡೀ ಪುಟವೇ ಆಯ್ಕೆಯಾದರೆ ಒಳಗೆ ಅಕ್ಷರಗಳಿಲ್ಲ ಎಂದರ್ಥ. ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ಪತ್ರದಲ್ಲೇ ಕೊಟ್ಟುಬಿಡಿ.

ತಿದ್ದಿದ ಪತ್ರ

ಇಷ್ಟೆಲ್ಲ ಆದ ಮೇಲೆ ನಮ್ಮ ಸಭೆಯ ಪತ್ರ ಹೀಗಾಯಿತು. ಕೊನೆಯ ನಾಲ್ಕು ಸಾಲುಗಳು ಒಂದೊಂದೂ ಪೂರ್ತಿಯಾಗಿ ಲಿಂಕ್.

> ವಿಷಯ: ಆಗಸ್ಟ್ 9 ಶನಿವಾರ ಓದುಗರ ಬಳಗದ ಸಭೆ
>
> ಆತ್ಮೀಯರೇ,
>
> ಈ ತಿಂಗಳ ಸಭೆ ಆಗಸ್ಟ್ 9, ಶನಿವಾರ ಸಂಜೆ 5.30ಕ್ಕೆ ಬಡಾವಣೆಯ ಗ್ರಂಥಾಲಯದ ಮೊದಲ ಮಹಡಿಯಲ್ಲಿ ನಡೆಯುತ್ತದೆ. ಎರಡನೆಯ ಅಧ್ಯಾಯವನ್ನು ಓದಿಕೊಂಡು ಬನ್ನಿ. ಬರುವವರು ಗುರುವಾರದೊಳಗೆ ತಿಳಿಸಬೇಕು.
>
> ಸಭೆಗೆ ಬರುವುದನ್ನು ತಿಳಿಸಿ
>
> ಎರಡನೆಯ ಅಧ್ಯಾಯ, ಪಿಡಿಎಫ್, 2 ಎಂಬಿ
>
> ಗ್ರಂಥಾಲಯಕ್ಕೆ ಬರುವ ದಾರಿ, ನಕ್ಷೆಯಲ್ಲಿ
>
> ಆನ್‌ಲೈನ್‌ನಲ್ಲಿ ಸಭೆಗೆ ಸೇರಿ

‘ದಿ.’, ‘ಶನಿ.’, ‘ಸಂ.’ ಎಂಬ ಮೊಟಕು ರೂಪಗಳು ಹೋಗಿವೆ. ಟಾಕ್‌ಬ್ಯಾಕ್ ಅವನ್ನು ಬಿಡಿಸಿ ಓದುವುದಿಲ್ಲ, ‘ದಿ’ ಎಂದು ಹೇಳಿ ವಾಕ್ಯ ಮುಗಿದಂತೆ ನಿಲ್ಲುತ್ತದೆ. 09/08 ಎಂಬುದನ್ನು ಹೊರದೇಶದಲ್ಲಿರುವ ಸದಸ್ಯರು ಸೆಪ್ಟೆಂಬರ್ 8 ಎಂದೂ ಓದಿಕೊಳ್ಳಬಹುದಾದ್ದರಿಂದ ತಿಂಗಳ ಹೆಸರನ್ನೇ ಬರೆದೆ. ವಿಷಯದ ಸಾಲಿನಲ್ಲಿ ದಿನ ಮೊದಲು ಬಂದಿದೆ. ಸಣ್ಣ ಫೋನು ಆ ಸಾಲಿನ ಬಾಲವನ್ನು ಕತ್ತರಿಸಿದರೂ ದಿನ ಉಳಿಯುತ್ತದೆ. ಲಿಂಕ್‌ಗಳನ್ನು ಬಳಸುವವರ ಅಗತ್ಯದ ಕ್ರಮದಲ್ಲಿ ಇಟ್ಟಿದ್ದೇನೆ: ಗಡುವು ಇರುವುದು ಮೊದಲು. ಲಿಂಕ್ ಒಂದನ್ನೂ ಒತ್ತದವರಿಗೂ ಎಲ್ಲಿ, ಯಾವಾಗ ಎಂಬುದು ಪತ್ರದಲ್ಲೇ ಸಿಗುತ್ತದೆ.

ಕಳಿಸುವ ಮೊದಲು ಕೇಳಿ

ಮೊದಲು ಪತ್ರವನ್ನು ನಿಮಗೇ ಕಳಿಸಿಕೊಳ್ಳಿ. ಫೋನಿನಲ್ಲಿ ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಏರಿಸಿ ಒಮ್ಮೆ ಓದಿ. ಏನಾದರೂ ಪಕ್ಕಕ್ಕೆ ಓಡಿದರೆ ಎಲ್ಲೋ ಕೋಷ್ಟಕವೋ ಬಹಳ ಉದ್ದದ ವಿಳಾಸವೋ ಅಡಗಿದೆ.

ಆಮೇಲೆ ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ Accessibility ವಿಭಾಗದಲ್ಲಿ TalkBack, ಐಫೋನ್ ಆದರೆ ಅದೇ ಹೆಸರಿನ ವಿಭಾಗದಲ್ಲಿ VoiceOver ಅನ್ನು ಚಾಲೂ ಮಾಡಿ. ಚಾಲೂ ಮಾಡಿದ ಕೂಡಲೇ ಫೋನಿನ ನಡವಳಿಕೆ ಬದಲಾಗುತ್ತದೆ, ಗಾಬರಿ ಬೇಡ. ಒಮ್ಮೆ ಮುಟ್ಟಿದರೆ ಅಲ್ಲಿರುವುದನ್ನು ಓದುತ್ತದೆ, ಎರಡು ಬಾರಿ ತಟ್ಟಿದರೆ ಅದು ತೆರೆಯುತ್ತದೆ, ಬಲಕ್ಕೆ ಬೆರಳು ಸರಿಸಿದರೆ ಮುಂದಿನದಕ್ಕೆ ಹೋಗುತ್ತದೆ. ನಿಲ್ಲಿಸುವಾಗಲೂ ಇದೇ ರೀತಿ ಮುಟ್ಟಿ, ಎರಡು ಬಾರಿ ತಟ್ಟಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ನೆನಪಿಟ್ಟುಕೊಳ್ಳಿ.

ಪತ್ರ ತೆರೆದು ಕಣ್ಣು ಮುಚ್ಚಿ ಬಲಕ್ಕೆ ಸರಿಸುತ್ತ ಹೋಗಿ. ಒಂದು ಪದ ಪೂರ್ತಿ ಕೇಳಲು ಎರಡು ಬಾರಿ ಸರಿಸಬೇಕಾದರೆ ಲಿಂಕ್ ಪದದ ನಡುವೆ ಮುಗಿದಿದೆ. ಏನೂ ಬರೆಯದ ಕಡೆ ‘ಲಿಂಕ್’ ಎಂದು ಕೇಳಿಸಿದರೆ ಖಾಲಿ ಜಾಗಕ್ಕೆ ಲಿಂಕ್ ಅಂಟಿಕೊಂಡಿದೆ. ಲಿಂಕ್ ಇದ್ದ ಪದವನ್ನು ಅಳಿಸಿ ಹೊಸದನ್ನು ಬರೆದಾಗ ಹೀಗಾಗುತ್ತದೆ. ಕನ್ನಡ ಭಾಗದಲ್ಲಿ ಫೋನು ಮೌನವಾದರೆ ನಿಮ್ಮ ಫೋನಿನಲ್ಲಿ ಕನ್ನಡ ಧ್ವನಿ ಇಲ್ಲ, ಅದು ಪತ್ರದ ತಪ್ಪಲ್ಲ. ಕೊನೆಗೆ ನಾಲ್ಕೂ ಲಿಂಕ್‌ಗಳನ್ನು ನಿಜವಾಗಿಯೂ ತೆರೆದು ನೋಡಿ. ಅದನ್ನು ಸದಸ್ಯರು ಬಳಸುವಂತೆಯೇ, ಅಂದರೆ ನಿಮ್ಮ ಖಾತೆಯಿಂದ ಹೊರಬಂದು ನೋಡಬೇಕು. ನೀವೇ ಹಂಚಿಕೊಂಡ ಕಡತ ನಿಮಗೆ ತೆರೆಯುತ್ತದೆ, ಬೇರೆಯವರಿಗೆ ಅನುಮತಿ ಕೇಳುತ್ತದೆ.

ಹಾಗೆ ತೆರೆದು ನೋಡಿದಾಗಲೇ ನನಗೆ ಇನ್ನೊಂದು ತೊಡಕು ಕಂಡದ್ದು. ನಮ್ಮ ಪತ್ರ ಸರಿಯಾಗಿತ್ತು, ‘ಸಭೆಗೆ ಬರುವುದನ್ನು ತಿಳಿಸಿ’ ಎಂಬುದೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ಅದು ತೆರೆಯುತ್ತಿದ್ದ ಅರ್ಜಿಯಲ್ಲಿ ದಿನವನ್ನು ಆರಿಸುವ ಕ್ಯಾಲೆಂಡರ್ ಇತ್ತು, ಮೇಷ್ಟರ ಬೆರಳಿಗೆ ಅದು ಸಿಗುತ್ತಿರಲಿಲ್ಲ. ಆಚೆ ಬದಿಯ ಪುಟವನ್ನು ತಿದ್ದುವುದು ಪತ್ರ ಬರೆಯುವವರ ಕೈಯಲ್ಲಿ ಯಾವಾಗಲೂ ಇರುವುದಿಲ್ಲ. ಹಾಗಾಗಿ ಮುಂದಿನ ತಿಂಗಳಿಂದ ಲಿಂಕ್‌ಗಳ ಕೆಳಗೆ ಇನ್ನೊಂದು ಸಾಲನ್ನು ಸೇರಿಸಿದ್ದೇನೆ: ‘ಅರ್ಜಿ ತುಂಬಲು ಕಷ್ಟವಾದರೆ ಬರುತ್ತೇನೆ ಎಂದು ಈ ಪತ್ರಕ್ಕೇ ಉತ್ತರಿಸಿ, ಸಾಕು.’ ಮೇಷ್ಟರು ಈಗ ಹಾಗೆಯೇ ಉತ್ತರಿಸುತ್ತಾರೆ. ಕಣ್ಣು ಚೆನ್ನಾಗಿರುವ ಇನ್ನೂ ಹಲವರು ಅದನ್ನೇ ಹಿಡಿದಿದ್ದಾರೆ.